ಹ್ಯಾಂಡೋವರ್ ನೋಟ್‌ನಲ್ಲಿ ಪಾಸ್‌ವರ್ಡ್ ಬರೆಯಬಹುದಾ?

ಪ್ರಶ್ನೆ: ಮುಂಬೈ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಸೋಷಿಯಲ್ ಮೀಡಿಯಾ ನಾನೇ ನೋಡ್ಕೊಳ್ತಿದ್ದೆ. 31ಕ್ಕೆ ಕೆಲಸ ಬಿಡ್ತಿದ್ದೇನೆ. ಹ್ಯಾಂಡೋವರ್ ನೋಟ್‌ನಲ್ಲಿ ಏನೇನು ಬರೀಬೇಕು? ಪಾಸ್‌ವರ್ಡ್‌ಗಳನ್ನೂ ಬರೆದುಕೊಡಲಾ?

ಪಾಸ್‌ವರ್ಡ್ ಬೇಡ. ಆ ನೋಟ್ ನಾಳೆ ವಾಟ್ಸ್ಆ್ಯಪ್‌ನಲ್ಲಿ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಪಾಸ್‌ವರ್ಡ್‌ಗಳನ್ನು ಮಾಲೀಕರ ಹೆಸರಿನ ಪಾಸ್‌ವರ್ಡ್ ಮ್ಯಾನೇಜರ್‌ಗೆ ಹಾಕಿ, ನೋಟ್‌ನಲ್ಲಿ ಅದು ಎಲ್ಲಿದೆ ಎಂದಷ್ಟೇ ಬರೆಯಿರಿ.

ಪ್ರತಿ ಖಾತೆಯ ಎದುರು ಮೂರು ವಿಷಯ ಇರಲಿ: ಯಾವ ಇಮೇಲ್, ಒಟಿಪಿ ಯಾರ ಫೋನಿಗೆ ಬರುತ್ತದೆ, ಮಾಲೀಕತ್ವ ಯಾರದು. ಹೆಚ್ಚಿನವರು ಎಡವುವುದು ಒಟಿಪಿಯಲ್ಲಿ. ಹೊಸಬರ ಬಳಿ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ, ಆದರೆ ಲಾಗಿನ್ ಕೋಡ್ ನಿಮ್ಮ ಮೊಬೈಲಿಗೆ ಬರುತ್ತದೆ. ಹಾಗಾಗಿ ಮೊದಲು ಇಮೇಲ್ ಮತ್ತು ಫೋನ್ ನಂಬರನ್ನು ಹೋಟೆಲಿನದಕ್ಕೆ ಬದಲಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ ಹೊಸ ಬ್ಯಾಕಪ್ ಕೋಡ್ ತೆಗೆದಿಡಿ, ನಿಮ್ಮ ಫೋನಿನಿಂದ ಲಾಗ್ಔಟ್ ಆಗುವುದು ಕೊನೆಗೆ. ಹೊಸಬರು ತಮ್ಮ ಫೋನಿನಲ್ಲಿ ಒಮ್ಮೆ ಲಾಗಿನ್ ಆಗಿ ತೋರಿಸುವ ತನಕ ಈ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಫೇಸ್‌ಬುಕ್ ಪೇಜಿನ ಲೆಕ್ಕ ಬೇರೆ. ಪೇಜಿಗೆ ಪ್ರತ್ಯೇಕ ಪಾಸ್‌ವರ್ಡೇ ಇಲ್ಲ, ಅದು ನಿಮ್ಮ ಸ್ವಂತ ಪ್ರೊಫೈಲ್ ಮೂಲಕ ನಡೆಯುತ್ತದೆ. ಮಾಲೀಕರಿಗೂ ಹೊಸಬರಿಗೂ ಪೂರ್ತಿ ಅಧಿಕಾರ ಕೊಟ್ಟು, ಅವರು ಆಹ್ವಾನ ಒಪ್ಪಿಕೊಂಡದ್ದನ್ನು ನೋಡಿಯೇ ನೀವು ಹೊರಬನ್ನಿ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಅನ್ನು ಮಾತ್ರ ಕೊನೆಯ ದಿನಕ್ಕೆ ಇಟ್ಟುಕೊಳ್ಳಲೇಬೇಡಿ. ಹೊಸದಾಗಿ ಸೇರಿಸಿದ ಓನರ್‌ಗೆ ಮೊದಲ 7 ದಿನ ಮುಖ್ಯ ಮಾಲೀಕತ್ವ ವರ್ಗಾಯಿಸಲು, ಬೇರೆಯವರನ್ನು ತೆಗೆಯಲು ಆಗುವುದಿಲ್ಲ. ನೀವು ಬಿಡುವುದು 31ಕ್ಕೆ, ಹಾಗಾಗಿ ಮಾಲೀಕರನ್ನು 20ಕ್ಕೇ ಸೇರಿಸಿ. 28ಕ್ಕೆ ವರ್ಗಾವಣೆ ಮಾಡಿದರೂ ಎಡವಟ್ಟಾದರೆ ಸರಿಪಡಿಸಲು ಮೂರು ದಿನ ಕೈಯಲ್ಲಿರುತ್ತದೆ.

ದಿನದ ಕೆಲಸಕ್ಕೆ ನಾಲ್ಕು ಸಾಲು ಸಾಕು: ಮೆಸೇಜ್‌ಗೆ ಉತ್ತರ ಯಾವ ಹೊತ್ತಿಗೆ, ಕ್ಯಾಪ್ಷನ್ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ, ಊಟದ ಬಗ್ಗೆ ದೂರು ಬಂದರೆ ಯಾರಿಗೆ ಹೇಳಬೇಕು, ಬೆಲೆ ಹಾಕುವ ಮೊದಲು ಯಾರನ್ನು ಕೇಳಬೇಕು.

ಬಾಕಿ ಕೆಲಸವನ್ನು "ಏಕಾದಶಿ ರೀಲ್ ಪೆಂಡಿಂಗ್" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಆಷಾಢ ಏಕಾದಶಿ ಸಾಬುದಾನಾ ಖಿಚಡಿ ರೀಲ್. ಎಡಿಟ್ ಮುಗಿದಿದೆ, ಫೈಲ್ ಡ್ರೈವ್‌ನ ಜುಲೈ ಫೋಲ್ಡರ್‌ನಲ್ಲಿದೆ. ಮರಾಠಿ ಕ್ಯಾಪ್ಷನ್ ಬಾಕಿ. ಬೆಲೆ ಮ್ಯಾನೇಜರ್ ಹೇಳಬೇಕು. ಹಿಂದಿನ ದಿನ ಸಂಜೆ 6ಕ್ಕೆ ಹೋಗಬೇಕು."

ಫೈಲ್ ಡ್ರೈವ್‌ನಲ್ಲೇ ಇರಬೇಕು ಎನ್ನುವುದಕ್ಕೆ ಕಾರಣವಿದೆ. ಇನ್‌ಸ್ಟಾಗ್ರಾಂ ಆ್ಯಪ್‌ನಲ್ಲಿ ಡ್ರಾಫ್ಟ್ ಮಾಡಿಟ್ಟ ರೀಲ್ ನಿಮ್ಮ ಫೋನಿನಲ್ಲಷ್ಟೇ ಉಳಿಯುತ್ತದೆ, ಹೊಸಬರು ಅದೇ ಖಾತೆಗೆ ಲಾಗಿನ್ ಆದರೂ ಅವರಿಗೆ ಕಾಣುವುದಿಲ್ಲ. ಬೇರೆ ಟೂಲ್‌ನಲ್ಲಿ ಶೆಡ್ಯೂಲ್ ಮಾಡಿದ ಪೋಸ್ಟ್‌ಗಳಿದ್ದರೆ ಅವನ್ನೂ ನೋಡಿ: ಪಾಸ್‌ವರ್ಡ್ ಬದಲಾದಾಗ ಆ ಟೂಲಿನ ಸಂಪರ್ಕ ಕಡಿದು ಪೋಸ್ಟ್ ಹೋಗದೆ ಉಳಿಯಬಹುದು. ಬದಲಿಸಿದ ದಿನವೇ ಮತ್ತೆ ಜೋಡಿಸಿ, ಮಾರನೆಯ ದಿನದ ಪೋಸ್ಟ್ ಹೋಯಿತೇ ಎಂದು ಹೊಸಬರ ಜೊತೆ ಕೂತು ನೋಡಿ.