ಸಣ್ಣ ಲಾಂಛನದ ಅಕ್ಷರ ಬದಲಿಸುವುದು

"ಸಂಘದ ಲಾಂಛನದ 200 ಪಿಕ್ಸೆಲ್ ಅಗಲದ ಜೆಪಿಜಿ ಮಾತ್ರ ಇದೆ. ವೃತ್ತದೊಳಗೆ ಬಾಗಿ ಬರೆದಿರುವ ಹೆಸರು ಬದಲಾಗಬೇಕು. ಇಂಕ್‌ಸ್ಕೇಪ್‌ನಲ್ಲಿ Trace Bitmap ಕೊಟ್ಟರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಏನು ಮಾಡಲಿ?"

ಅಕ್ಷರಗಳನ್ನು ಟ್ರೇಸ್ ಮಾಡುವ ಗೋಜಿಗೇ ಹೋಗಬೇಡಿ. ಹೇಗೂ ಬದಲಾಗುವ ಅಕ್ಷರಗಳವು. ಈ ಅಳತೆಯಲ್ಲಿ ಒತ್ತಕ್ಷರಕ್ಕೆ ನಾಲ್ಕಾರು ಪಿಕ್ಸೆಲ್ ಸಿಕ್ಕರೆ ಹೆಚ್ಚು. ಅಂಚಿನ ಬೂದು ಚುಕ್ಕೆಗಳನ್ನೂ ತಂತ್ರಾಂಶ ಆಕಾರವೆಂದೇ ಎಣಿಸುತ್ತದೆ.

ಚಿತ್ರವನ್ನು ಒಂದು ಪದರದಲ್ಲಿಟ್ಟು ಮಸುಕಾಗಿಸಿ, ಬೀಗ ಹಾಕಿ. ಮೇಲಿನ ಪದರದಲ್ಲಿ ವೃತ್ತಗಳನ್ನು ವೃತ್ತದ ಉಪಕರಣದಿಂದಲೇ ಎಳೆಯಿರಿ. Ctrl ಒತ್ತಿಹಿಡಿದು ಓರೆಯಾಗಿ ಎಳೆದರೆ ಮೊಟ್ಟೆಯಾಗುವುದಿಲ್ಲ. ನಡುವಿನ ಚಿತ್ರಕ್ಕೆ ಪೆನ್ ಸಾಕು. ಬಿಂದುಗಳನ್ನು ತಿರುವುಗಳಲ್ಲಿ ಮಾತ್ರ ಇಡಿ. ಎಲೆಯಂಥ ಆಕಾರಕ್ಕೆ ನಾಲ್ಕೈದು ಬಿಂದು ಸಾಲುತ್ತದೆ, ನಲವತ್ತಾದರೆ ಅಂಚು ನಡುಗಿದಂತೆ ಕಾಣುತ್ತದೆ.

ಹೆಸರಿಗೆ ಇನ್ನೊಂದು ವೃತ್ತ ಬೇಕು. ಹೆಸರನ್ನು ಯೂನಿಕೋಡ್ ಫಾಂಟಿನಲ್ಲಿ ಟೈಪಿಸಿ, ಅದನ್ನೂ ವೃತ್ತವನ್ನೂ ಆರಿಸಿ Text > Put on Path ಕೊಡಿ. ಅಕ್ಷರ ತಪ್ಪು ಜಾಗದಲ್ಲಿ ಕೂತರೆ ಆ ವೃತ್ತವನ್ನೇ ತಿರುಗಿಸಿ. ಕನ್ನಡಕ್ಕೊಂದು ಕಿರಿಕಿರಿ ಇದೆ: ಒತ್ತಕ್ಷರಗಳು ಗೆರೆಯಿಂದ ಕೆಳಗಿಳಿದು ಒಳಗಿನ ಉಂಗುರಕ್ಕೆ ತಾಗುತ್ತವೆ. ಆದ್ದರಿಂದ ಈ ವೃತ್ತ ಒಳಗಿನ ಉಂಗುರಕ್ಕಿಂತ ತುಸು ದೊಡ್ಡದಿರಲಿ. "ಸ್ತ್ರೀ" ಎಂದು ಟೈಪಿಸಿ ನೋಡಿದರೆ ಎಷ್ಟು ಜಾಗ ಬೇಕೆಂದು ತಿಳಿಯುತ್ತದೆ.

ಮುದ್ರಣಕ್ಕೆ ಕೊಡುವ ಪ್ರತಿಯಲ್ಲಿ ಮಾತ್ರ Path > Object to Path ಕೊಟ್ಟು ಅಕ್ಷರಗಳನ್ನು ಆಕಾರಗಳಾಗಿಸಿ. ಪಠ್ಯವಾಗಿಯೇ ಉಳಿದ ಎಸ್‌ವಿಜಿ ಪ್ರತಿ ನಿಮ್ಮ ಬಳಿ ಇರಲಿ. ಸಂಘದ ಹೆಸರು ಮತ್ತೆ ಬದಲಾಗುವುದಿಲ್ಲವೆಂದು ಯಾರು ಬಲ್ಲರು?