ಲಂಬಾಣಿ ಮನೆಮಾತಿನ ಹುಡುಗನಿಗೆ ‘ಬಲ’, ‘ಬಾಲ’ ಒಂದೇ ಆದಾಗ

ಪ್ರಶ್ನೆ: ನಮ್ಮದು ಸರ್ಕಾರಿ ಪ್ರಾಥಮಿಕ ಶಾಲೆ. ನಾಲ್ಕನೇ ತರಗತಿಯಲ್ಲಿ 27 ಮಕ್ಕಳು. ಅರ್ಧಕ್ಕರ್ಧ ತಾಂಡಾದವರು, ಮನೆಮಾತು ಲಂಬಾಣಿ. ನಾಲ್ಕೈದು ಮಕ್ಕಳದು ಉರ್ದು. ಒಬ್ಬ ಹುಡುಗ ಬಾಯಿಲೆಕ್ಕದಲ್ಲಿ ಚುರುಕು, ಕಥೆ ಕೇಳಿದರೆ ಚೆನ್ನಾಗಿ ಹೇಳ್ತಾನೆ. ಪುಸ್ತಕ ಹಿಡಿದರೆ ಮಾತ್ರ ಬೆವರ್ತಾನೆ. ನಿನ್ನೆ ‘ಬಾಲ’ ಅಂತ ಓದಿದ್ದನ್ನ ಇವತ್ತು ‘ಬಲ’ ಅಂತಾನೆ. ಇದು ಕನ್ನಡ ಬರದೇ ಇರೋದಾ, ಡಿಸ್ಲೆಕ್ಸಿಯಾನಾ? ಉಳಿದ 26 ಮಕ್ಕಳನ್ನ ಬಿಡದೆ ಇವನಿಗೆ ಏನು ಮಾಡಲಿ?
– ಶಿಕ್ಷಕಿ, ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ

ಉತ್ತರ: ಮೇಡಂ, ಇವನನ್ನು ಹೋಲಿಸಿ ನೋಡಬೇಕಾದ ಮಕ್ಕಳು ನಿಮ್ಮ ತರಗತಿಯಲ್ಲೇ ಕೂತಿದ್ದಾರೆ. ಅದೇ ತಾಂಡಾದಿಂದ ಬಂದು, ಅದೇ ನಲಿ-ಕಲಿ ದಾಟಿ ಬಂದ ಬೇರೆ ಮಕ್ಕಳು ಈಗ ಓದುತ್ತಿದ್ದಾರಾ? ಅವರೂ ತಡವರಿಸುತ್ತಿದ್ದರೆ ಅದು ಭಾಷೆಯ ತೊಡಕು, ಇಲ್ಲವೇ ಕಲಿಸಿದ್ದು ಸಾಲದು. ಅವರೆಲ್ಲ ಓದಿ ಇವನೊಬ್ಬ ಉಳಿದಿದ್ದರೆ ಅನುಮಾನ ಪಡಬೇಕು.

ಎರಡನೆಯದು, ತಪ್ಪಿನ ಜಾತಿ ನೋಡಿ. ‘ಶಾಲೆ’ಗೆ ‘ಸಾಲಿ’ ಅಂತ ಬರೆದರೆ ಮಗು ಊರಲ್ಲಿ ಕೇಳಿದ್ದನ್ನೇ ಬರೆದಿದೆ. ಅದು ಡಿಸ್ಲೆಕ್ಸಿಯಾ ಅಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಪದವನ್ನೇ ದಿನಕ್ಕೊಂದು ತರಹ ಓದುವುದು, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು, ಇಳಿ-ಗುಡಿಸು-ಕೊಂಬು ಕಣ್ಣಿಗೇ ಬೀಳದಂತೆ ದಾಟಿ ಹೋಗುವುದು ಬೇರೆ ಜಾತಿಯ ತಪ್ಪು. ನೀವು ಹೇಳಿದ ‘ಬಲ-ಬಾಲ’ ಆ ಗುಂಪಿಗೆ ಸೇರುತ್ತದೆ.

ಮೂರನೆಯದನ್ನು ಪುಸ್ತಕ ಇಲ್ಲದೆ, ಅವನ ಮಾತಲ್ಲೇ ಮಾಡಿ. ತಾಂಡಾದ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಪಾಣಿ’ ಅನ್ನೋದನ್ನ ಹಿಂದುಮುಂದು ಮಾಡಿ ಹೇಳು ಅನ್ನಿ. ‘ಣಿಪಾ’ ಬರಬೇಕು. ‘ಬಾಟಿ’ಯ ಥರ ಮುಗಿಯುವ ಇನ್ನೊಂದು ಪದ ಕೇಳಿ. ಇಂಥ ಹತ್ತು ಪದಗಳಲ್ಲಿ ಉಳಿದ ಮಕ್ಕಳು ಆಟದಂತೆ ಹೇಳಿ, ಇವನು ಮನೆಮಾತಲ್ಲೂ ತಡವರಿಸಿದರೆ, ತೊಂದರೆ ಕನ್ನಡದ್ದಲ್ಲ. ಪದದೊಳಗಿನ ಸದ್ದುಗಳನ್ನು ಬಿಡಿಸಿ ಹಿಡಿಯುವುದೇ ಅವನಿಗೆ ಕಷ್ಟ. ಡಿಸ್ಲೆಕ್ಸಿಯಾದ ಬೇರು ಬಹುಪಾಲು ಅಲ್ಲೇ ಇರುತ್ತದೆ, ಕಣ್ಣಲ್ಲಿ ಅಲ್ಲ. ಹಾಗಂತ ಕಣ್ಣು, ಕಿವಿ ತೋರಿಸದೆ ಬಿಡಬೇಡಿ. ಶಾಲೆಗೆ ಆರೋಗ್ಯ ತಂಡ ಬಂದಾಗ ಅದನ್ನು ಮೊದಲು ಮಾಡಿಸಿ.

ಇಲ್ಲಿ ನಾನೇ ಎಡವಿದ್ದೇನೆ. ಚಳ್ಳಕೆರೆ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳ ಕನ್ನಡ ಓದು ಕೇಳಿ ಡಿಸ್ಲೆಕ್ಸಿಯಾ ಇರಬಹುದು ಅಂತ ಬರೆದುಕೊಂಡೆ. ವಾರ ಬಿಟ್ಟು ಅವಳ ಚೀಲದಲ್ಲಿ ತೆಲುಗು ಪುಸ್ತಕ ಕಂಡಿತು. ಓದು ಅಂದೆ, ನೀರು ಕುಡಿದ ಹಾಗೆ ಓದಿದಳು! ಆರು ತಿಂಗಳ ಹಿಂದೆ ಆಂಧ್ರದ ಕಡೆಯಿಂದ ಬಂದಿದ್ದಳು. ಒಂದು ಲಿಪಿಯಲ್ಲಿ ಸಲೀಸಾಗಿ ಓದುವ ಮಗುವಿಗೆ ಇನ್ನೊಂದರಲ್ಲಿ ಬೇಕಾದದ್ದು ಸ್ವಲ್ಪ ಕಾಲ, ಅಷ್ಟೇ. ನಿಮ್ಮ ಉರ್ದು ಮಕ್ಕಳ ವಿಷಯದಲ್ಲೂ ಇದನ್ನು ನೋಡಿಕೊಳ್ಳಿ. ಲಂಬಾಣಿಗೆ ಸ್ವಂತ ಲಿಪಿ ಇಲ್ಲದ್ದರಿಂದ ನಿಮ್ಮ ಹುಡುಗನಿಗೆ ಈ ದಾರಿ ಇಲ್ಲ, ಅದಕ್ಕೇ ಬಾಯಿಯ ಆಟ.

ಈಗ ಕಲಿಸುವ ಮಾತು. ಇಂಥ ಮಕ್ಕಳಿಗೆ ನಮ್ಮ ಕಾಗುಣಿತದ ಹಾಡೇ ದೊಡ್ಡ ಮೋಸ. ‘ಕ ಕಾ ಕಿ ಕೀ’ ಅಂತ ರಾಗವಾಗಿ ಹೇಳುತ್ತಾರೆ, ಕಣ್ಣು ಕಿಟಕಿ ಕಡೆ ಇರುತ್ತದೆ. ನಡುವಿನ ‘ಕೆ’ ಮೇಲೆ ಬೆರಳಿಟ್ಟು ಕೇಳಿದರೆ, ಮೊದಲಿಂದ ಹಾಡಿಕೊಂಡು ಬಂದು ಅಲ್ಲಿಗೆ ತಲುಪುತ್ತಾರೆ. ಆದ್ದರಿಂದ ಸಾಲನ್ನು ಬಿಟ್ಟು ಒಂದೇ ಗುರುತನ್ನು ಹಿಡಿಯಿರಿ.

ಮೊದಲ ವಾರ ಬರೀ ಇಳಿ. ಅಂಗೈಯಗಲದ ರಟ್ಟಿನಲ್ಲಿ ಜೋಡಿಪದ ಬರೆಯಿರಿ: ಬಲ-ಬಾಲ, ದನ-ದಾನ, ಮನ-ಮಾನ, ಸರ-ಸಾರ. ಪದದ ಅರ್ಥ ಅವನಿಗೆ ಗೊತ್ತಿರಬೇಕು. ಗೊತ್ತಿಲ್ಲದ್ದಕ್ಕೆ ತಾಂಡಾದ ಮಕ್ಕಳೇ ಲಂಬಾಣಿ ಪದ ಹೇಳಲಿ. ನೀವು ‘ದಾನ’ ಅಂದಾಗ ಅವನು ಸರಿಯಾದ ರಟ್ಟು ಎತ್ತಬೇಕು. ಆಮೇಲೆ ರಟ್ಟು ನೋಡಿ ಓದಬೇಕು. ಆಮೇಲೆ ಬಿಡಿ ಅಕ್ಷರ ಜೋಡಿಸಿ ಪದ ಕಟ್ಟಬೇಕು. ಕೊನೆಗೆ ಬಾಯಲ್ಲಿ ಎಳೆದು ಹೇಳುತ್ತಾ ಸ್ಲೇಟಿನ ಮೇಲೆ ಬರೆಯಬೇಕು. ಈ ನಾಲ್ಕಕ್ಕೆ ದಿನಕ್ಕೆ 15 ನಿಮಿಷ ಸಾಕು. ಉಳಿದವರು ಗುಂಪಿನಲ್ಲಿ ಬರೆಯುವಾಗ, ತಡವರಿಸುವ ಇನ್ನಿಬ್ಬರನ್ನೂ ಇವನ ಜೊತೆ ಕೂರಿಸಿ. ಒಬ್ಬನೇ ಕೂತರೆ ಅವನಿಗೆ ಅದು ಶಿಕ್ಷೆ ಅನಿಸುತ್ತೆ.

ಹತ್ತರಲ್ಲಿ ಒಂಬತ್ತು ರಟ್ಟು ತಡವಿಲ್ಲದೆ ಸರಿ ಬಂದರೆ ಗುಡಿಸಿಗೆ ಹೋಗಿ: ಗಿಡ, ಗಿಣಿ, ಕಿವಿ, ಬಿಸಿ. ಗುಡಿಸನ್ನೂ ಅದರ ದೀರ್ಘವನ್ನೂ ಒಂದೇ ವಾರ ಕಲಿಸಬೇಡಿ. ನೋಡೋಕೆ, ಕೇಳೋಕೆ ಎರಡೂ ಹತ್ತಿರ. ಅದೇ ಕಾರಣಕ್ಕೆ ಪ-ವ, ದ-ಧ ಇವನ್ನೂ ದೂರ ದೂರ ಇಡಿ. ಒತ್ತಕ್ಷರ ಎಲ್ಲಕ್ಕಿಂತ ಕೊನೆಗೆ. ಅದರಲ್ಲೂ ಅರ್ಕಾವತ್ತು ತುಂಬಾ ಕಾಡುತ್ತದೆ. ‘ಸೂರ್ಯ’ದಲ್ಲಿ ಅದು ಬರೋದು ‘ಯ’ ಆದಮೇಲೆ, ಓದೋದು ಅದಕ್ಕಿಂತ ಮೊದಲು. ಚೆನ್ನಾಗಿ ಓದುವ ಮಕ್ಕಳೇ ಅಲ್ಲಿ ಎಡವುತ್ತಾರೆ ಅಲ್ವಾ?

‘ಹತ್ತು ಸಲ ಬರಿ’ ಅನ್ನೋದನ್ನ ಬಿಟ್ಟುಬಿಡಿ. ಎರಡನೇ ಸಲದಿಂದ ಅವನು ಮೇಲಿನ ಗೆರೆಯ ಚಿತ್ರ ಬಿಡಿಸುತ್ತಾನೆ, ಪದ ಬರೆಯುವುದಿಲ್ಲ.

ಉಳಿದ ಪೀರಿಯಡ್‌ಗಳಲ್ಲಿ ಓದು ಬರದೇ ಇರೋದಕ್ಕೆ ಪರಿಸರ, ಗಣಿತ ತಪ್ಪಿ ಹೋಗಬಾರದು. ಗಣಿತದ ಮಾತಿನ ಲೆಕ್ಕವನ್ನು ನೀವು ಎಲ್ಲರಿಗೂ ಒಂದು ಸಲ ಓದಿ ಹೇಳಿ. ಇವನಿಗಾಗಿ ಅಂತ ಹೇಳಬೇಕಿಲ್ಲ. ಕಿರುಪರೀಕ್ಷೆಯಲ್ಲಿ ಪ್ರಶ್ನೆ ಓದಿ, ಅವನ ಉತ್ತರವನ್ನು ಬಾಯಲ್ಲೇ ತಗೊಳ್ಳಿ. ಲಂಬಾಣಿಯಲ್ಲಿ ಹೇಳಿದರೂ ಸರಿ, ಪಕ್ಕದವಳು ಕನ್ನಡಕ್ಕೆ ತರುತ್ತಾಳೆ. ಬೋರ್ಡಿನಿಂದ ಇಳಿಸಿಕೊಳ್ಳುವುದು ಎರಡು ಸಾಲು ಸಾಕು. ಎದ್ದು ನಿಂತು ಗಟ್ಟಿಯಾಗಿ ಓದು ಅಂತ ದಿಢೀರ್ ಹೇಳಬೇಡಿ. ಓದಿಸಲೇಬೇಕು ಅಂದರೆ ಹಿಂದಿನ ದಿನ ಮೂರು ಸಾಲು ಗುರುತು ಹಾಕಿಕೊಡಿ. ನೋಟ್‌ಬುಕ್ ತಿದ್ದುವಾಗ ಆ ವಾರ ಕಲಿತ ಗುರುತಿನ ತಪ್ಪಿಗೆ ಮಾತ್ರ ಕೆಂಪು ಇಂಕು ಮುಟ್ಟಿಸಿ.

ಇಂಗ್ಲಿಷ್ ಅನ್ನು ಸದ್ಯ ಕಿವಿ-ಬಾಯಿಯಲ್ಲೇ ಜಾಸ್ತಿ ನಡೆಸಿ. ಕನ್ನಡದಲ್ಲಿ ಬರೆದದ್ದಕ್ಕೂ ಓದುವುದಕ್ಕೂ ಹೆಚ್ಚುಕಡಿಮೆ ತಾಳ ಇದೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ನಾಲ್ಕು ಸದ್ದು. ಕನ್ನಡ ಗಟ್ಟಿಯಾಗುವ ಮೊದಲೇ ಅಲ್ಲಿ ಸ್ಪೆಲ್ಲಿಂಗ್ ಹೇರಿದರೆ ಎರಡೂ ಕೈಬಿಡುತ್ತವೆ. ಪಾಠದಿಂದ ಅವನನ್ನು ಹೊರಗಿಡಿ ಅಂತ ಅಲ್ಲ ಮತ್ತೆ.

ಪ್ರತಿ ಶುಕ್ರವಾರ ಕಲಿತ ಗುರುತುಗಳ ಪದಪಟ್ಟಿ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಸರಿಯಾಗಿ ಓದಿದ ಅಂತ ತಾರೀಖಿನ ಜೊತೆ ಬರೆದಿಡಿ. ಪದಗಳ ಕ್ರಮ ಪ್ರತಿ ಸಲ ಬದಲಾಗಲಿ, ಇಲ್ಲದಿದ್ದರೆ ಬಾಯಿಪಾಠ ಮಾಡಿಬಿಡ್ತಾನೆ. ಹೊಸ ಗುರುತು ಬಂದ ವಾರ ಅಂಕಿ ಇಳಿಯುವುದು ಸಹಜ. ಎಂಟು-ಹತ್ತು ವಾರ ಕಳೆದರೂ ಅಂಕಿ ಅಲ್ಲೇ ಇದ್ದರೆ ತಪಾಸಣೆಗೆ ತಡ ಮಾಡಬೇಡಿ.

ನಾನಾಗಲಿ ನೀವಾಗಲಿ ಇವನಿಗೆ ಡಿಸ್ಲೆಕ್ಸಿಯಾ ಅಂತ ಹೆಸರಿಡುವ ಹಾಗಿಲ್ಲ. ಅದು ತಜ್ಞರು ಪರೀಕ್ಷೆ ಮಾಡಿ ಹೇಳಬೇಕಾದ್ದು. ತಾಲ್ಲೂಕಿನ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರು, ಅಂದರೆ ಬಿಐಇಆರ್‌ಟಿ, ಇದ್ದಾರಾ ವಿಚಾರಿಸಿ, ಅವರ ಮೂಲಕ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳೋಕೆ ದಾರಿಯಾಗುತ್ತದೆ. ಅಪ್ಪ-ಅಮ್ಮ ಹೊರಡುವಾಗ ಶುಕ್ರವಾರದ ಹಾಳೆ ಮತ್ತು ತಿದ್ದದ ಒಂದು ನೋಟ್‌ಬುಕ್ ಕೈಗೆ ಕೊಡಿ. ಮನೆಮಾತು ಲಂಬಾಣಿ, ಓದು ಕನ್ನಡ ಅಂತ ಚೀಟಿಯಲ್ಲಿ ಮೊದಲ ಸಾಲಿನಲ್ಲೇ ಬರೆದುಬಿಡಿ.