‘ಇತರ ಎಲ್ಲ ಕೆಲಸ’ ಅಂದರೆ ತೋಟ ಮಾರುವುದೂ ಸೇರುತ್ತಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನನ್ನ ಹೆಸರಲ್ಲಿ 4 ಎಕರೆ ಕಾಫಿ ತೋಟ ಇದೆ. ನಾವಿರುವುದು ಪುಣೆಯಲ್ಲಿ. 3 ವರ್ಷದ ಹಿಂದೆ ದೊಡ್ಡಪ್ಪನ ಮಗನಿಗೆ ಜಿಪಿಎ, ಅಂದರೆ ನನ್ನ ಪರವಾಗಿ ಕೆಲಸ ಮಾಡುವ ಪವರ್ ಪತ್ರ, ರಿಜಿಸ್ಟರ್ ಮಾಡಿಸಿ ಕೊಟ್ಟೆ. ಅದರಲ್ಲಿ ‘ತೋಟ ನೋಡಿಕೊಳ್ಳಲು, ಫಸಲು ಮಾರಲು, ಕಂದಾಯ ಕಟ್ಟಲು, ಕಚೇರಿಗಳಲ್ಲಿ ಸಹಿ ಮಾಡಲು ಹಾಗೂ ಅಗತ್ಯವಾದ ಇತರ ಎಲ್ಲ ಕೆಲಸ ಮಾಡಲು’ ಎಂದಿದೆ. ಈಗ ಅಣ್ಣ ತೋಟಕ್ಕೇ ಗಿರಾಕಿ ಹುಡುಕಿ ಅಗ್ರಿಮೆಂಟ್ ಮಾಡಿಕೊಂಡಿದ್ದಾನೆ. 2 ಲಕ್ಷ ಅಡ್ವಾನ್ಸ್ ನನ್ನ ಖಾತೆಗೆ ಹಾಕಿ, ‘ಜಿಪಿಎ ಇದೆಯಲ್ಲ, ನೀನು ಬರೋದೇ ಬೇಡ’ ಅನ್ನುತ್ತಾನೆ. ನನಗೆ ಮಾರುವ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ 2 ಲಕ್ಷದ ವಿಷಯ. ಅದನ್ನು ಖಾತೆಯಲ್ಲಿ ಸುಮ್ನೆ ಬಿಡಬೇಡಿ, ಖರ್ಚಂತೂ ಮಾಡಲೇಬೇಡಿ.

ಕಾರಣ ಇದು. ಒಬ್ಬ ಏಜೆಂಟ್ ತನಗಿಲ್ಲದ ಅಧಿಕಾರ ಚಲಾಯಿಸಿದರೆ ಆ ಕೆಲಸ ಯಜಮಾನರ ಮೇಲೆ ಬರುವುದಿಲ್ಲ. ಆದರೆ ಯಜಮಾನರು ಆಮೇಲೆ ಅದನ್ನು ಒಪ್ಪಿಕೊಂಡರೆ, ಮೊದಲೇ ಅಧಿಕಾರ ಕೊಟ್ಟಿದ್ದ ಹಾಗೆಯೇ ಆಗುತ್ತದೆ. 1872ರ ಕರಾರು ಕಾಯಿದೆಯ ಪ್ರಕಾರ ಈ ಒಪ್ಪಿಗೆಯನ್ನು ಬಾಯಿಬಿಟ್ಟೇ ಹೇಳಬೇಕೆಂದಿಲ್ಲ, ನಡವಳಿಕೆಯಿಂದಲೂ ಗೊತ್ತಾಗಬಹುದು. ಎಲ್ಲ ವಿಷಯ ತಿಳಿದೂ ಅಡ್ವಾನ್ಸ್ ಇಟ್ಟುಕೊಂಡು ಕೂತರೆ, ‘ಅವರಿಗೆ ಒಪ್ಪಿಗೆ ಇತ್ತು’ ಎಂದು ಗಿರಾಕಿ ಪರ ವಕೀಲರು ನಾಳೆ ಕೋರ್ಟಿನಲ್ಲಿ ಹೇಳುವುದು ಇದನ್ನೇ ಹಿಡಿದು. ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಬ್ಯಾಂಕ್ ಮೂಲಕ ವಾಪಸ್ ಹಾಕಿ. ‘ಈ ಮಾರಾಟಕ್ಕೆ ನಾನು ಅಧಿಕಾರ ಕೊಟ್ಟಿಲ್ಲ, ಒಪ್ಪುವುದೂ ಇಲ್ಲ’ ಎಂದು ಅಣ್ಣನಿಗೂ ಗಿರಾಕಿಗೂ ಬರೆದು, ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಪುರಾವೆ ಸಿಗುವ ಹಾಗೆ ಕಳಿಸಿ. ಫೋನಿನಲ್ಲಿ ಜಗಳ ಆಡಿದ್ದಕ್ಕೆ ದಾಖಲೆ ಇರುವುದಿಲ್ಲ.

ಈಗ ಪತ್ರಕ್ಕೆ ಬರೋಣ. ನೀವು ಬರೆದಿರುವ ಸಾಲಿನಲ್ಲಿ ‘ಮಾರಲು’ ಎಂಬ ಪದ ಇದೆ, ಆದರೆ ಅದು ಫಸಲಿಗೆ ಅಂಟಿಕೊಂಡಿದೆ. ಚೆರ್ರಿ ಕೊಯ್ಲು ಮಾಡಿಸುವುದು, ಪಾರ್ಚ್‌ಮೆಂಟ್ ಮಾಡಿ ವ್ಯಾಪಾರಿಗೆ ಕೊಡುವುದು, ಮೆಣಸು ಮಾರುವುದು, ಆಳಿನ ಸಂಬಳ ಬಟವಾಡೆ ಮಾಡುವುದು, ಇವೆಲ್ಲ ಅದರೊಳಗೆ ಬರುತ್ತವೆ. ಜಮೀನು ಬರುವುದಿಲ್ಲ. ಪವರ್ ಪತ್ರವನ್ನು ಕೋರ್ಟು ಬಿಗಿಯಾಗಿ ಓದುತ್ತದೆ. ಸ್ಥಿರಾಸ್ತಿ ಮಾರುವ ಅಧಿಕಾರ ಸ್ಪಷ್ಟ ಮಾತಿನಲ್ಲೇ ಇರಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ.

ಹಾಗಾದರೆ ‘ಇತರ ಎಲ್ಲ ಕೆಲಸ’? ಎಲ್ಲರೂ ಎಡವುವುದು ಇಲ್ಲೇ. ಟೈಪಿಂಗ್ ಅಂಗಡಿಯ ಹಳೇ ನಮೂನೆಯಲ್ಲಿ ಈ ಸಾಲು ಕೊನೆಗೆ ಇದ್ದೇ ಇರುತ್ತದೆ, ಓದಿದರೆ ಇಡೀ ಆಸ್ತಿಯನ್ನೇ ಬರೆದುಕೊಟ್ಟ ಹಾಗೆ ಕೇಳಿಸುತ್ತದೆ. ಆದರೆ ಅದರ ಅರ್ಥ ಮೇಲೆ ಹೇಳಿದ ಕೆಲಸಗಳನ್ನು ಪೂರೈಸಲು ಬೇಕಾದ ಇತರ ಕೆಲಸ ಎಂದಷ್ಟೆ. ಗೊಬ್ಬರ ತರಿಸುವುದು, ಪಂಪ್‌ಸೆಟ್ ರಿಪೇರಿ ಮಾಡಿಸುವುದು, ನಾಡಕಚೇರಿಗೆ ಅರ್ಜಿ ಹಾಕುವುದು. ತೋಟವನ್ನು ಅಡ ಇಡುವುದು ಅದರಲ್ಲಿ ಸೇರುವುದಿಲ್ಲ. ಸಿಲ್ವರ್ ಮರಗಳನ್ನು ಸಾಲಾಗಿ ಕಡಿಸಿ ಲಾರಿ ತುಂಬಿಸುವುದೂ ‘ನೋಡಿಕೊಳ್ಳುವುದು’ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಸುಳಿವು ಪತ್ರದ ಮೊದಲ ಪುಟದಲ್ಲೇ ಇದೆ, ಮುದ್ರಾಂಕ ಶುಲ್ಕ ಎಷ್ಟು ಕಟ್ಟಿದ್ದೀರಿ ನೋಡಿ. ಕರ್ನಾಟಕದಲ್ಲಿ ಜಮೀನು ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಇಷ್ಟು ಜನ ಬಿಟ್ಟು ಬೇರೆಯವರಿಗೆ ಕೊಟ್ಟರೆ, ಮಾರುಕಟ್ಟೆ ಬೆಲೆಯ ಮೇಲೆ ಕ್ರಯಪತ್ರದಷ್ಟೇ ಶುಲ್ಕ ಬೀಳುತ್ತದೆ. ನಮ್ಮ ಕಡೆ ದೊಡ್ಡಪ್ಪನ ಮಗ ಅಣ್ಣನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟಾಂಪ್ ಕಾಯಿದೆಯ ಪಟ್ಟಿಯಲ್ಲಿ ಆತ ಇಲ್ಲ. ಆಗ ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿದಿದ್ದರೆ, ಅದು ಮಾರಾಟದ ಪವರ್ ಎಂದು ಬರೆಸಿದ ಪತ್ರವಾಗಿರುವುದು ಕಷ್ಟ.

ಗಿರಾಕಿ ಪಾಡೇನು ಅಂತೀರಾ? ಪತ್ರ ಓದಿ ನೋಡುವುದು ಅವರ ಜವಾಬ್ದಾರಿ. ಇಲ್ಲದ ಅಧಿಕಾರ ತೋರಿಸಿ ನಂಬಿಸಿದವರು ಆ ನಷ್ಟವನ್ನು ಸ್ವಂತ ಜೇಬಿನಿಂದ ತುಂಬಿಕೊಡಬೇಕಾಗುತ್ತದೆ. ಅಣ್ಣನಿಗೆ ಈ ಮಾತು ಮೆತ್ತಗೆ ತಿಳಿಸಿದರೆ ಅರ್ಧ ಗಲಾಟೆ ಅಲ್ಲೇ ನಿಲ್ಲಬಹುದು.

ಇಷ್ಟಾದ ಮೇಲೆ ಜಿಪಿಎ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ರದ್ದು ಮಾಡಿ. ಅದಕ್ಕೆ ಅಣ್ಣನ ಸಹಿ ಬೇಡ. ಮೊದಲು ರಿಜಿಸ್ಟರ್ ಮಾಡಿದ ಸಬ್ ರಿಜಿಸ್ಟ್ರಾರ್ ಕಚೇರಿಗೇ ಒಂದು ಸಲ ಬಂದು ರದ್ದತಿ ಪತ್ರ ರಿಜಿಸ್ಟರ್ ಮಾಡಿಸಿ, ಹಳೇ ಪತ್ರದ ನಂಬರ್, ತಾರೀಖು ಅದರಲ್ಲಿ ಇರಲಿ. ಒಂದು ಅಪವಾದ ಇದೆ. ಅಣ್ಣ ನಿಮಗೆ ಸಾಲ ಕೊಟ್ಟು, ಅದಕ್ಕೆ ಭದ್ರತೆಯಾಗಿ ಈ ಪವರ್ ಬರೆಸಿಕೊಂಡಿದ್ದರೆ, ಆ ಹಿತಕ್ಕೆ ಧಕ್ಕೆ ಬರುವಂತೆ ಒಬ್ಬರೇ ರದ್ದು ಮಾಡಲು ಬರುವುದಿಲ್ಲ. ಅಂಥದ್ದೇನೂ ಇಲ್ಲದಿದ್ದರೆ, ಪತ್ರದಲ್ಲಿ ‘ರದ್ದು ಮಾಡುವಂತಿಲ್ಲ’ ಎಂದು ಟೈಪ್ ಆಗಿದ್ದರೂ ಹೆದರಬೇಕಿಲ್ಲ.

ರಿಜಿಸ್ಟರ್ ಆಯಿತು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಏಜೆಂಟ್ ಮಟ್ಟಿಗೆ ರದ್ದತಿ ಜಾರಿಯಾಗುವುದು ಅವರಿಗೆ ಗೊತ್ತಾದಾಗ. ಹೊರಗಿನವರ ಮಟ್ಟಿಗೆ ಅದು ಅವರವರಿಗೆ ಗೊತ್ತಾದಾಗ. ಗೊತ್ತಾಗುವುದು ಹೇಗೆ? ಪಹಣಿಯಲ್ಲಿ ಇದು ಕಾಣುವುದಿಲ್ಲ. ಪವರ್ ಪತ್ರ ಸಾಮಾನ್ಯವಾಗಿ ಜಮೀನಿನ ದಾಖಲೆಗಳ ಪುಸ್ತಕಕ್ಕೆ ಹೋಗದೆ 4ನೇ ಪುಸ್ತಕಕ್ಕೆ ಹೋಗುವುದರಿಂದ, ಜಮೀನಿನ ಋಣಭಾರ ಪತ್ರ ಅಂದರೆ ಇ.ಸಿ.ಯಲ್ಲೂ ಬರುವುದಿಲ್ಲ. ಆ ಪುಸ್ತಕದ ನಕಲು ಯಾರು ಕೇಳಿದರೂ ಸಿಗುವಂಥದ್ದೂ ಅಲ್ಲ. ಹಾಗಾಗಿ ನೀವೇ ತಿಳಿಸಬೇಕು. ಅಣ್ಣ, ಗಿರಾಕಿ, ತೋಟದ ಸಾಲ ಇರುವ ಬ್ಯಾಂಕು, ಕಾಫಿ ಕೊಳ್ಳುವ ವ್ಯಾಪಾರಿ, ಎಲ್ಲರಿಗೂ ಪತ್ರ ಕಳಿಸಿ, ಸಬ್ ರಿಜಿಸ್ಟ್ರಾರ್‌ಗೂ ಒಂದು ಅರ್ಜಿ ಕೊಡಿ. ಮೂಡಿಗೆರೆ ಕಡೆ ಓಡಾಡುವ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಹಾಕಿಸಿ. ಅಸಲು ಜಿಪಿಎ ವಾಪಸ್ ಕೇಳಿ. ಜೊತೆಗೆ 3 ವರ್ಷದ ಫಸಲಿನ ಲೆಕ್ಕವನ್ನೂ ಕೇಳಿ, ಕೇಳಿದಾಗ ಲೆಕ್ಕ ಕೊಡುವುದು ಏಜೆಂಟ್ ಆದವರ ಕರ್ತವ್ಯ. ಹಾಗೆಯೇ ಇನ್ನು ಕೆಲವು ತಿಂಗಳು ಇ.ಸಿ. ತೆಗೆಸಿ ನೋಡುತ್ತಿರಿ. ಜಿಪಿಎ ಕಾಣದಿದ್ದರೂ ಕ್ರಯಪತ್ರ ಅಥವಾ ಅಡಮಾನ ರಿಜಿಸ್ಟರ್ ಆಗಿದ್ದರೆ ಅಲ್ಲಿ ಕಾಣುತ್ತದೆ.

ನೀವು ಕೇಳದ ಒಂದು ವಿಷಯ, ಪ್ರತಿ ಕೊಯ್ಲಿನ ಕಾಲಕ್ಕೆ ಒಬ್ಬರಾದರೂ ಇದನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ತಂದೆ ಮಗನಿಗೆ ಜಿಪಿಎ ಕೊಟ್ಟಿರುತ್ತಾರೆ. ತಂದೆ ತೀರಿಕೊಂಡಿರುತ್ತಾರೆ. ಮಗ ಅದೇ ಪತ್ರ ಇಟ್ಟುಕೊಂಡು ಎರಡು ವರ್ಷ ಸಹಿ ಹಾಕುತ್ತಿರುತ್ತಾನೆ, ಅಕ್ಕತಂಗಿಯರು ಪಾಲು ಕೇಳಿದಾಗ ‘ಅಪ್ಪ ನನಗೇ ಬರೆದುಕೊಟ್ಟಿದ್ದಾರೆ’ ಅನ್ನುತ್ತಾನೆ. ಜಿಪಿಎ ವಿಲ್ ಅಲ್ಲ. ಕೊಟ್ಟವರ ಉಸಿರು ನಿಂತ ದಿನವೇ ಆ ಅಧಿಕಾರವೂ ನಿಂತಿತು. ಅವರಿಗೆ ಬುದ್ಧಿಸ್ಥಿಮಿತ ತಪ್ಪಿದರೂ ಅಷ್ಟೇ.

ಮುಂದೆ ಮತ್ತೆ ಯಾರಿಗಾದರೂ ತೋಟ ಒಪ್ಪಿಸುವುದಾದರೆ, ಜಿಪಿಎ ಬದಲು ನಿರ್ದಿಷ್ಟ ಕೆಲಸಗಳ ಎಸ್‌ಪಿಎ ಮಾಡಿಸಿ, ಒಂದೇ ಕೊಯ್ಲಿನ ಅವಧಿಗೆ. ಫಸಲಿನ ಹಣ ನಿಮ್ಮ ಖಾತೆಗೇ ಬರಬೇಕು ಎಂದು ಬರೆಸಿ. ‘ಜಮೀನು ಮಾರಲು, ಅಡ ಇಡಲು, ದಾನ ಕೊಡಲು, ಮರ ಕಡಿಸಲು ಅಧಿಕಾರ ಇರುವುದಿಲ್ಲ’ ಎಂಬ ಸಾಲು ಸೇರಿಸಿ. ಟೈಪಿಂಗ್‌ನವರು ‘ಅದು ನಮ್ಮ ನಮೂನೆಯಲ್ಲಿ ಇಲ್ಲ ಮೇಡಂ’ ಅಂದರೆ, ಪಕ್ಕದಲ್ಲೇ ಕೂತು ಟೈಪ್ ಮಾಡಿಸಿಕೊಂಡು ಬನ್ನಿ.